ನಸುಕಿನ ವ್ಯಾಯಾಮ, 16 ಗಂಟೆಯ ಉಪವಾಸ: ಮೊದಲ ತುತ್ತು ಯಾವಾಗ?

ನನ್ನ ಷಡ್ಡಕರದು ವಿಜಯಪುರದಲ್ಲಿ ಹಾರ್ಡ್‌ವೇರ್ ಅಂಗಡಿ. ವಯಸ್ಸು 44. ಐದು ತಿಂಗಳ ಹಿಂದೆ 82 ಕಿಲೋ ತೂಗುತ್ತಿದ್ದವರು ಮಧ್ಯಂತರ ಉಪವಾಸ ಹಿಡಿದು 76ಕ್ಕೆ ಇಳಿದಿದ್ದಾರೆ. ಒಂದು ಭಾನುವಾರ ಅಂಗಡಿಯ ಉದ್ರಿ ಬರೆಯುವಂಥದೇ ಒಂದು ಉದ್ದನೆಯ ನೋಟ್‌ಬುಕ್ಕನ್ನು ನನ್ನ ಮುಂದೆ ತೆರೆದಿಟ್ಟರು. ಎಡಗಡೆ ಊಟದ ಲೆಕ್ಕ, ಬಲಗಡೆ ಜಿಮ್‌ನ ಲೆಕ್ಕ. ಬಾರ್ ಹೊತ್ತು ಮಾಡುವ ಬೈಠಕ್ ಮೊದಲ ತಿಂಗಳಲ್ಲಿ 60 ಕಿಲೋ, 8 ಸಲ. ಐದನೆಯ ತಿಂಗಳಲ್ಲಿ 50 ಕಿಲೋ, 6 ಸಲ. ಬೆಂಚ್ ಪ್ರೆಸ್ 45ರಿಂದ 37.5ಕ್ಕೆ ಬಂದಿತ್ತು. "ತೂಕ ಇಳಿದದ್ದು ಸಂತೋಷವೇ. ಆದರೆ ಇಳಿದದ್ದು ಏನು ಎಂಬುದು ತಿಳಿಯದಾಗಿದೆ" ಎಂದರು. ವ್ಯಾಪಾರಿಯ ಪ್ರಶ್ನೆ. ತಕ್ಕಡಿ ತೋರಿಸುವುದು ಒಟ್ಟು ತೂಕವನ್ನು ಮಾತ್ರ, ಅದರಲ್ಲಿ ಬೊಜ್ಜೆಷ್ಟು ಸ್ನಾಯುವೆಷ್ಟು ಎಂಬುದನ್ನು ಅಲ್ಲ.

ನಾನು ದೈಹಿಕ ಶಿಕ್ಷಕ. ಬೆಳಿಗ್ಗೆ ಗೋಳಗುಮ್ಮಟದ ಕಡೆಯ ರಸ್ತೆಗಳಲ್ಲಿ ನಡೆಯುವವರು, ಓಡುವವರು, ಸೈಕಲ್ ತುಳಿಯುವವರ ನಡುವೆಯೇ ನನ್ನ ದಿನ ಶುರುವಾಗುತ್ತದೆ. ಅವರಲ್ಲಿ ಈಗ ಬಹಳ ಮಂದಿ 16 ಗಂಟೆ ಉಪವಾಸ, 8 ಗಂಟೆ ಊಟ ಎಂಬ ಲೆಕ್ಕ ಇಟ್ಟುಕೊಂಡವರು. ಅವರೆಲ್ಲ ಕೇಳುವುದು ಒಂದೇ ಮಾತು: ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡಬಹುದೇ? ಮಾಡಬಹುದು, ಬಹುಪಾಲು ಆರೋಗ್ಯವಂತರಿಗೆ ಅದರಿಂದ ಏನೂ ಆಗುವುದಿಲ್ಲ. ಅವರು ಕೇಳದೆ ಬಿಡುವ ಮಾತು ಇನ್ನೊಂದಿದೆ. ವ್ಯಾಯಾಮ ಮುಗಿದ ಮೇಲೆ ಹೊಟ್ಟೆಯನ್ನು ಇನ್ನೂ ಎಷ್ಟು ಹೊತ್ತು ಖಾಲಿ ಇಡುತ್ತೀರಿ? ಊಟದ ಅವಧಿಯನ್ನು ಆರಿಸಿಕೊಳ್ಳುವಾಗ ನಾನು ಮೊದಲು ನೋಡುವುದು ಅದನ್ನೇ.

ಲೆಕ್ಕ ಸುಲಭ. ಉಪವಾಸ 16 ಗಂಟೆಯದು ಎಂದು ಗೊತ್ತಾದ ಮೇಲೆ ಅದು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ನಿಮ್ಮ ವ್ಯಾಯಾಮ ಅದನ್ನು ಎಲ್ಲಿ ತುಂಡರಿಸುತ್ತದೆ ಎಂಬುದಷ್ಟೇ ಬದಲಾಗುತ್ತದೆ. ಷಡ್ಡಕರು ಬೆಳಿಗ್ಗೆ 5.30ಕ್ಕೆ ಶುರು ಮಾಡಿ 6.45ಕ್ಕೆ ಮುಗಿಸುತ್ತಾರೆ. ಅವರ ಊಟದ ಅವಧಿ ಮಧ್ಯಾಹ್ನ 12ರಿಂದ ರಾತ್ರಿ 8. ಅಂದರೆ ವ್ಯಾಯಾಮಕ್ಕೆ ಮುಂಚೆ ಒಂಬತ್ತೂವರೆ ಗಂಟೆ ಖಾಲಿ, ನಂತರ ಐದೂಕಾಲು ಗಂಟೆ ಖಾಲಿ. ಇದೇ ಅವಧಿಯನ್ನು ಬೆಳಿಗ್ಗೆ 7.30ರಿಂದ ಮಧ್ಯಾಹ್ನ 3.30ಕ್ಕೆ ಸರಿಸಿದರೆ ಮುಂಚೆ 14 ಗಂಟೆ, ನಂತರ ಬರೀ ಮುಕ್ಕಾಲು ಗಂಟೆ. ನಡುವಿನ ದಾರಿಯಾಗಿ 9ರಿಂದ 5 ಎಂದು ಇಟ್ಟುಕೊಂಡರೆ ಮುಂಚೆ ಹನ್ನೆರಡೂವರೆ, ನಂತರ ಎರಡೂಕಾಲು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬರಿದಾಗುವ ಕೌದಿಯ ಹಾಗೆ. ಯಾವ ಕಡೆ ಬರಿದಾದರೆ ನಿಮಗೆ ಚಳಿ ಕಡಿಮೆ ಎಂಬುದು ನೀವು ಮಾಡುವ ವ್ಯಾಯಾಮದ ಮೇಲೆ ನಿಂತಿದೆ.

ಮುಂಚಿನ ಖಾಲಿ ಮತ್ತು ನಂತರದ ಖಾಲಿ

ದೇಹ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಎರಡು ಕಡೆ ಕೂಡಿಡುತ್ತದೆ. ಯಕೃತ್ತಿನಲ್ಲಿ ಇರುವುದು ಸುಮಾರು 80ರಿಂದ 100 ಗ್ರಾಂ. ಸ್ನಾಯುಗಳಲ್ಲಿ ಅದರ ನಾಲ್ಕೈದು ಪಟ್ಟು. ರಾತ್ರಿ ನಾವು ಮಲಗಿರುವಾಗ ಮಿದುಳಿಗೆ ಸಕ್ಕರೆ ಒದಗಿಸುತ್ತ ಕರಗುವುದು ಯಕೃತ್ತಿನ ದಾಸ್ತಾನು. ಸ್ನಾಯುವಿನದು ಹಾಗೆಯೇ ಉಳಿದಿರುತ್ತದೆ, ಏಕೆಂದರೆ ಸ್ನಾಯು ತನ್ನ ಸಕ್ಕರೆಯನ್ನು ರಕ್ತಕ್ಕೆ ಬಿಟ್ಟುಕೊಡಲಾರದು. ಅದಕ್ಕೆ ಬೇಕಾದ ಕಿಣ್ವವೇ ಅದರಲ್ಲಿ ಇಲ್ಲ. ಆದ್ದರಿಂದ ನಿನ್ನೆ ರೊಟ್ಟಿ, ಅನ್ನ ಸರಿಯಾಗಿ ಉಂಡವರು ನಸುಕಿನಲ್ಲಿ ಎದ್ದಾಗ ಹೊಟ್ಟೆ ಖಾಲಿಯಾಗಿದ್ದರೂ ತೊಡೆ, ತೋಳು ಖಾಲಿಯಾಗಿರುವುದಿಲ್ಲ. ಮುಕ್ಕಾಲು ಗಂಟೆಯ ನಡಿಗೆಗೆ, ಮಾತನಾಡಿಕೊಂಡು ಓಡಬಹುದಾದ ವೇಗದ ಓಟಕ್ಕೆ, ಎಂಟೆಂಟು ಸಲದ ನಾಲ್ಕೈದು ಸುತ್ತಿನ ಭಾರ ಎತ್ತುವಿಕೆಗೆ ಅದು ಧಾರಾಳ ಸಾಕು.

ಸಾಲದೆ ಬರುವುದು ಒಂದೂವರೆ ಗಂಟೆ ದಾಟುವ ಓಟಕ್ಕೆ, ಸೈಕಲ್ ಸವಾರಿಗೆ. ಅಲ್ಲಿ ಯಕೃತ್ತಿನ ದಾಸ್ತಾನೇ ಆಸರೆ. 14 ಗಂಟೆ ಉಪವಾಸ ಮಾಡಿ ಹೊರಟವರಿಗೆ ಅದು ಹೊರಡುವ ಮೊದಲೇ ಅರ್ಧಕ್ಕಿಂತ ಹೆಚ್ಚು ಕರಗಿರುತ್ತದೆ.

ನಂತರದ ಖಾಲಿಯ ಕಥೆ ಬೇರೆ. ಭಾರ ಎತ್ತಿದ ಮೇಲೆ ಸ್ನಾಯುವಿನಲ್ಲಿ ಕಟ್ಟುವ ಕೆಲಸ ಚುರುಕಾಗುತ್ತದೆ, ಕೆಡವುವ ಕೆಲಸವೂ ಜೊತೆಗೇ ಏರುತ್ತದೆ. ಪ್ರೊಟೀನ್ ಒಳಗೆ ಹೋಗುವವರೆಗೆ ಕೆಡವುವುದೇ ಹೆಚ್ಚು. ಷಡ್ಡಕರಿಗೆ ಅವರ ವ್ಯಾಪಾರದ ಭಾಷೆಯಲ್ಲೇ ಹೇಳಿದೆ: ಗೌಂಡಿ ಬೆಳಿಗ್ಗೆಯೇ ಬಂದು ನಿಂತಿದ್ದಾನೆ, ಇಟ್ಟಿಗೆಯ ಟ್ರ್ಯಾಕ್ಟರ್ ಮಧ್ಯಾಹ್ನ 12ಕ್ಕೆ ಬರುತ್ತದೆ. ಅಲ್ಲಿಯವರೆಗೆ ಆತ ಹಿತ್ತಿಲ ಗೋಡೆಯ ಇಟ್ಟಿಗೆ ಕಿತ್ತು ಮುಂಬಾಗಿಲಿಗೆ ಇಡುತ್ತಿರುತ್ತಾನೆ. ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಪ್ರೊಟೀನ್ ಕುಡಿಯಲೇಬೇಕು ಎಂದು ಜಿಮ್‌ಗಳಲ್ಲಿ ಹೇಳುವುದು ಉತ್ಪ್ರೇಕ್ಷೆ. ವ್ಯಾಯಾಮಕ್ಕೆ ಒಂದೆರಡು ಗಂಟೆ ಮುಂಚೆ ಉಂಡವರಿಗೆ ಆ ಊಟದ ಪ್ರೊಟೀನ್ ಇನ್ನೂ ರಕ್ತದಲ್ಲೇ ಇರುತ್ತದೆ, ಅವರು ನಾಲ್ಕು ಗಂಟೆ ಕಾದರೂ ನಷ್ಟವಿಲ್ಲ. ಆದರೆ ಹತ್ತು ತಾಸು ಉಪವಾಸವಿದ್ದು ಭಾರ ಎತ್ತಿದವರಿಗೆ ಆ ಸವಲತ್ತು ಇಲ್ಲ. ಅವರು ಒಂದೆರಡು ಗಂಟೆಯೊಳಗೆ ಉಣ್ಣುವುದು ಒಳ್ಳೆಯದು.

ನಮ್ಮ ಕಡೆಯ ಗರಡಿಗಳಲ್ಲಿ ಇದು ಪುಸ್ತಕ ಓದದೆಯೇ ಗೊತ್ತಿತ್ತು. ಪೈಲ್ವಾನರು ನಸುಕಿನಲ್ಲಿ ಖಾಲಿ ಹೊಟ್ಟೆಯಲ್ಲಿ ಸಾಮು ಮಾಡುತ್ತಿದ್ದರು, ಮುಗಿದೊಡನೆ ಬಾದಾಮಿ ಅರೆದ ಹಾಲು ಕುಡಿಯುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ ಕುಸ್ತಿ ಆಡಿ ಮಧ್ಯಾಹ್ನದವರೆಗೆ ನೀರು ಕುಡಿದು ಕುಳಿತ ಪೈಲ್ವಾನನನ್ನು ನಾನಂತೂ ನೋಡಿಲ್ಲ.

ಮಧ್ಯಾಹ್ನ 12ರಿಂದ ರಾತ್ರಿ 8

ಎಲ್ಲರೂ ಮೊದಲು ಹಿಡಿಯುವುದು ಇದನ್ನೇ. ಬೆಳಗಿನ ನಾಷ್ಟಾ ಒಂದನ್ನು ಬಿಟ್ಟರೆ ಮುಗಿಯಿತು, ರಾತ್ರಿ ಮನೆಯವರೊಡನೆ ಕುಳಿತು ಉಣ್ಣಬಹುದು, ಮದುವೆ ಮುಂಜಿಗೆ ಹೋದರೆ ವಿವರಣೆ ಕೊಡಬೇಕಿಲ್ಲ. ನೀವು ದಿನಾ ನಡೆಯುವವರು, ನಿಧಾನವಾಗಿ ಮೂರ್ನಾಲ್ಕು ಕಿ.ಮೀ. ಓಡುವವರು, ಯೋಗ ಮಾಡುವವರಾಗಿದ್ದರೆ ಇದರಲ್ಲೇ ಇರಿ. ಮುಂದಿನದನ್ನು ಓದುವ ಅಗತ್ಯವೂ ನಿಮಗಿಲ್ಲ. ನಡಿಗೆಯ ನಂತರ ಸ್ನಾಯುವಿಗೆ ಅಂಥ ತುರ್ತು ದುರಸ್ತಿಯೇನೂ ಇರುವುದಿಲ್ಲ.

ಇದರಲ್ಲಿ ಕೊಬ್ಬು ಹೆಚ್ಚು ಕರಗುತ್ತದೆ ಎಂಬ ನಂಬಿಕೆ ಮಾತ್ರ ಅರ್ಧ ಸತ್ಯ. ಖಾಲಿ ಹೊಟ್ಟೆಯಲ್ಲಿ ಓಡುವ ಆ ಒಂದು ಗಂಟೆಯಲ್ಲಿ ದೇಹ ಹೆಚ್ಚು ಕೊಬ್ಬನ್ನು ಉರಿಸುವುದು ನಿಜ. ಆದರೆ ಉಳಿದ ಗಂಟೆಗಳಲ್ಲಿ ಅದು ಲೆಕ್ಕ ಸರಿದೂಗಿಸಿಕೊಳ್ಳುತ್ತದೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 20 ಯುವತಿಯರು ನಾಲ್ಕು ವಾರ, ವಾರಕ್ಕೆ ಮೂರು ದಿನ, ಒಂದೊಂದು ಗಂಟೆ ಏರೋಬಿಕ್ ವ್ಯಾಯಾಮ ಮಾಡಿದರು. ಅರ್ಧ ಮಂದಿ ಉಂಡು, ಅರ್ಧ ಮಂದಿ ಉಪವಾಸದಲ್ಲಿ. ಇಬ್ಬರಿಗೂ ಆಹಾರದ ಮಿತಿ ಒಂದೇ ಆಗಿತ್ತು. ಕಡೆಗೆ ಇಳಿದ ಕೊಬ್ಬಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಾಲ್ಕು ವಾರ, 20 ಜನ ಎಂಬುದು ಸಣ್ಣ ಲೆಕ್ಕ, ಒಪ್ಪುತ್ತೇನೆ. ಆದರೂ 'ಕೊಬ್ಬು ಕರಗಲಿ' ಎಂಬ ಒಂದೇ ಕಾರಣಕ್ಕೆ ಮಧ್ಯಾಹ್ನದವರೆಗೆ ಹಲ್ಲು ಕಚ್ಚಿ ಕೂರಬೇಕಿಲ್ಲ ಎಂಬಷ್ಟನ್ನು ಅದು ಹೇಳುತ್ತದೆ.

ಭಾರ ಎತ್ತುವವರಿಗೆ ಈ ಅವಧಿ ಒಗ್ಗುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಇದಕ್ಕೆ ಎದುರು ವಾದವಾಗಿ ಜಿಮ್ ಹುಡುಗರು ತೋರಿಸುವುದು 2016ರ ಇಟಲಿಯ ಅಧ್ಯಯನವನ್ನು. ಅದರಲ್ಲಿ ಭಾರ ಎತ್ತಿ ಪಳಗಿದ 34 ಗಂಡಸರಲ್ಲಿ ಅರ್ಧ ಮಂದಿ ಎಂಟು ವಾರ 16 ಗಂಟೆ ಉಪವಾಸ ಮಾಡಿದರು. ಅವರ ಕೊಬ್ಬು ಇಳಿಯಿತು, ಸ್ನಾಯುವೂ ಬಲವೂ ಉಳಿದವು. ಆದರೆ ಅವರು ಉಣ್ಣುತ್ತಿದ್ದುದು ಮಧ್ಯಾಹ್ನ 1, ಸಂಜೆ 4, ರಾತ್ರಿ 8ಕ್ಕೆ. ಭಾರ ಎತ್ತುತ್ತಿದ್ದುದು ಸಂಜೆ 4ರಿಂದ 6ರೊಳಗೆ. ಅಂದರೆ ಉಂಡು ಹೋಗಿ ಎತ್ತಿದರು, ಎತ್ತಿ ಬಂದು ಉಂಡರು. ನಸುಕಿನ 5.30ಕ್ಕೆ ಎತ್ತುವವರು ಆ ಫಲಿತಾಂಶವನ್ನು ತಮ್ಮದೆಂದು ಕಡ ತರುವಂತಿಲ್ಲ. ಇನ್ನೊಂದು ಕಡೆ, ಅಮೆರಿಕದಲ್ಲಿ 116 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ 12 ವಾರಗಳ ಪರೀಕ್ಷೆಯಲ್ಲಿ ಒಂದು ಗುಂಪಿಗೆ ಊಟದ ಹೊತ್ತು ಇದೇ, ಮಧ್ಯಾಹ್ನ 12ರಿಂದ 8. ಪ್ರೊಟೀನಿನ ಬಗೆಗಾಗಲಿ ವ್ಯಾಯಾಮದ ಬಗೆಗಾಗಲಿ ಅವರಿಗೆ ಏನೂ ಹೇಳಿರಲಿಲ್ಲ. ಮೂರು ಹೊತ್ತು ಉಂಡವರಿಗಿಂತ ಅವರ ತೂಕ ಗಮನಾರ್ಹವಾಗಿ ಹೆಚ್ಚೇನೂ ಇಳಿಯಲಿಲ್ಲ, ಇಳಿದದ್ದರಲ್ಲಿ ಸ್ನಾಯುವಿನ ಪಾಲೂ ಇತ್ತು.

ಷಡ್ಡಕರ ನೋಟ್‌ಬುಕ್ ಕೂಡ ಅದನ್ನೇ ಹೇಳುತ್ತಿತ್ತು. ಅಂಗಡಿಯಲ್ಲಿ 12.30ಕ್ಕೆ ಡಬ್ಬಿ, ರಾತ್ರಿ 7.45ಕ್ಕೆ ಮನೆಯ ಊಟ. ಎರಡೇ ಹೊತ್ತು. ಎರಡನ್ನೂ ಕೂಡಿಸಿದರೆ ಪ್ರೊಟೀನ್ 55 ಗ್ರಾಂ ದಾಟುತ್ತಿರಲಿಲ್ಲ. ತೂಕ ಇಳಿಸುತ್ತ ಭಾರವನ್ನೂ ಎತ್ತುವವರಿಗೆ ಪ್ರತಿ ಕಿಲೋ ತೂಕಕ್ಕೆ 1.2ರಿಂದ 1.6 ಗ್ರಾಂ ಬೇಕು. 76 ಕಿಲೋಗೆ ಅದು 90ರಿಂದ 120 ಗ್ರಾಂ. ಅವರ ಬಾರ್ ಇಳಿಯಲು ಸಮಯ ಎಷ್ಟು ಕಾರಣವೋ ಈ ಕೊರತೆ ಅದಕ್ಕಿಂತ ದೊಡ್ಡ ಕಾರಣ. ಎರಡು ಹೊತ್ತಿನಲ್ಲಿ, ಅದೂ ಸಸ್ಯಾಹಾರದಲ್ಲಿ, 90 ಗ್ರಾಂ ತಲುಪುವುದು ಸುಲಭವಲ್ಲ. ಮೂರನೆಯ ಹೊತ್ತು ಬೇಕೇ ಬೇಕಾಗುತ್ತದೆ.

ಇನ್ನೊಂದು ಸಣ್ಣ ವಿಷಯ. ಬೆಳಿಗ್ಗೆ 7ಕ್ಕೆ 'ಚಹಾ ಅಷ್ಟೇ' ಎನ್ನುವವರು ಹಾಲು, ಸಕ್ಕರೆ ಹಾಕಿದ ಚಹಾ ಕುಡಿದರೆ ಅಲ್ಲಿಗೆ ಉಪವಾಸ ಮುರಿಯಿತು. ಮುರಿದದ್ದಕ್ಕೆ ನನ್ನ ತಕರಾರಿಲ್ಲ. ಮುರಿಯುವುದೇ ಆದರೆ ಎರಡು ಚಮಚ ಸಕ್ಕರೆಗೆ ಯಾಕೆ ಮುರಿಯುತ್ತೀರಿ, ಒಂದು ಬಟ್ಟಲು ಕಾಳಿಗೆ ಮುರಿಯಿರಿ. ಸಕ್ಕರೆ ಇಲ್ಲದ ಕರಿ ಚಹಾ, ಕರಿ ಕಾಫಿ, ನೀರು ಇವುಗಳಿಗೆ ಅಡ್ಡಿಯಿಲ್ಲ.

ಬೆಳಿಗ್ಗೆ 7.30ರಿಂದ ಮಧ್ಯಾಹ್ನ 3.30

ಭಾರ ಎತ್ತುವವರ ದೃಷ್ಟಿಯಿಂದ ನಂತರದ ಖಾಲಿ ಇಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಜಿಮ್‌ನಿಂದ ಬಂದು ಸ್ನಾನ ಮಾಡಿ ಹೊರಬರುವಷ್ಟರಲ್ಲಿ ನಮ್ಮ ಕಡೆಯ ಮನೆಗಳಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಗಿರುತ್ತದೆ. ಷಡ್ಡಕರಿಗೆ ನಾನು ಬರೆದುಕೊಟ್ಟ ಬೆಳಗಿನ ತಾಟು ಹೀಗಿತ್ತು. ಎರಡು ಜೋಳದ ರೊಟ್ಟಿ, ಅಂದರೆ 100 ಗ್ರಾಂ ಹಿಟ್ಟು. ಅದರಲ್ಲಿ 10 ಗ್ರಾಂ ಪ್ರೊಟೀನ್. 40 ಗ್ರಾಂ ಒಣ ಮಡಿಕೆ ಕಾಳು ನೆನೆಸಿ ಮೊಳಕೆ ಬರಿಸಿದ ಪಲ್ಯ, ಅದರಲ್ಲಿ 9 ಗ್ರಾಂ. ಒಂದು ಬಟ್ಟಲು ಗಟ್ಟಿ ಮೊಸರು, 5 ಗ್ರಾಂ. ಎರಡು ಚಮಚ ಶೇಂಗಾ ಚಟ್ನಿ, ನಾಲ್ಕು ಗ್ರಾಂ. ಒಟ್ಟು 28. ಅವರ ತೂಕದವರಿಗೆ ಒಂದು ಹೊತ್ತಿಗೆ 23 ಗ್ರಾಂ ಇದ್ದರೂ ಸ್ನಾಯು ಕಟ್ಟುವ ಕೆಲಸ ಚೆನ್ನಾಗಿ ನಡೆಯುತ್ತದೆ, ಹಾಗಾಗಿ ಇದು ಧಾರಾಳ. ಪ್ರೊಟೀನ್ ಪುಡಿಯ ಡಬ್ಬಿ ಕೊಳ್ಳಬೇಕಾಗಲಿಲ್ಲ ಎಂಬುದು ಅವರಿಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ. ಇದೇ ಜಾಗದಲ್ಲಿ ಉಪ್ಪಿಟ್ಟು, ಅವಲಕ್ಕಿ, ಸುಸಲ ತಿಂದರೆ ಹೊಟ್ಟೆ ತುಂಬುತ್ತದೆ, ಪ್ರೊಟೀನ್ ಏಳೆಂಟು ಗ್ರಾಂ ದಾಟುವುದು ಕಷ್ಟ. ಮೊಟ್ಟೆ ತಿನ್ನುವವರಾದರೆ ಜೊತೆಗೆ ಮೂರು ಮೊಟ್ಟೆ ಸೇರಿಸಲಿ, ಒಂದಕ್ಕೆ ಆರು ಗ್ರಾಂ.

ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇರುವವರಿಗೂ ಬೇಗ ಉಂಡು ಬೇಗ ಮುಗಿಸುವ ಕ್ರಮದಲ್ಲಿ ಲಾಭವಿದೆ. 2018ರ ಒಂದು ಅಧ್ಯಯನದಲ್ಲಿ ಅಂಥ ಎಂಟು ಗಂಡಸರು ಐದು ವಾರ ಮಧ್ಯಾಹ್ನ 3ರೊಳಗೆ ದಿನದ ಊಟವನ್ನೆಲ್ಲ ಮುಗಿಸಿದರು. ತೂಕ ಇಳಿಯದಂತೆ ನೋಡಿಕೊಂಡಿದ್ದರೂ ಅವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತು, ರಕ್ತದೊತ್ತಡವೂ ಇಳಿಯಿತು.

ಕಾಗದದ ಮೇಲೆ ಇಷ್ಟು ಚೆನ್ನಾಗಿರುವುದು ಷಡ್ಡಕರ ಮನೆಯಲ್ಲಿ ಹನ್ನೊಂದು ದಿನ ನಡೆಯಿತು. ಮೊದಲನೆಯ ತೊಡಕು ಮುಂಚಿನ 14 ಗಂಟೆ. ಭಾರ ಎತ್ತುವ ದಿನ ತೊಂದರೆಯಾಗಲಿಲ್ಲ. ಶನಿವಾರ ಗೆಳೆಯರ ಜೊತೆ ಎರಡು ಗಂಟೆ ಸೈಕಲ್ ಹೊಡೆಯಲು ಹೋದಾಗ ಒಂದೂಕಾಲು ಗಂಟೆಗೆ ಕೈ ನಡುಗಿ, ತಣ್ಣನೆಯ ಬೆವರು ಬಂದು, ರಸ್ತೆ ಬದಿಯ ಬೇವಿನ ಮರದ ಕೆಳಗೆ ಕುಳಿತರು. ಜೊತೆಯವರ ಜೇಬಿನಲ್ಲಿ ಬೆಲ್ಲ ಇತ್ತು. ಎರಡನೆಯ ತೊಡಕು ರಾತ್ರಿಯದು. ನನ್ನ ನಾದಿನಿ ಫೋನು ಮಾಡಿದಳು: "ಮಾಮಾ, ನಾವೆಲ್ಲ ಊಟಕ್ಕೆ ಕುಳಿತಾಗ ಇವರು ನೀರಿನ ಲೋಟ ಹಿಡಿದು ಎದುರಿಗೆ ಕೂರುತ್ತಾರೆ. ಮಕ್ಕಳಿಗೆ ತುತ್ತು ಇಳಿಯುವುದಿಲ್ಲ. ನೀವೇ ಹಚ್ಚಿಕೊಟ್ಟದ್ದು, ನೀವೇ ಬಿಡಿಸಿ." ಇದಕ್ಕೆ ಯಾವ ಅಧ್ಯಯನದಲ್ಲೂ ಉತ್ತರವಿಲ್ಲ.

9ರಿಂದ 5

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಜೆ 5ಕ್ಕೆ ಮನೆ ಸೇರುವ ಶಿಕ್ಷಕರಿಗೆ, ಮನೆಯಲ್ಲೇ ಇರುವವರಿಗೆ, ಸೂರ್ಯ ಮುಳುಗುವ ಮೊದಲೇ ಉಣ್ಣುವ ರೂಢಿಯ ಜೈನ ಮನೆಗಳಿಗೆ ಇದು ತಾನಾಗಿ ಹೊಂದುತ್ತದೆ. ಹೊಲಕ್ಕೆ ನಸುಕಿನಲ್ಲಿ ಹೋಗಿ, ಬಿಸಿಲೇರುವ ಹೊತ್ತಿಗೆ ನ್ಯಾರಿ ಮಾಡುತ್ತಿದ್ದ ನಮ್ಮ ಹಿರಿಯರ ದಿನಚರಿಯೂ ಹೆಚ್ಚುಕಡಿಮೆ ಹೀಗೇ ಇತ್ತು. ನಂತರದ ಖಾಲಿ ಎರಡೂಕಾಲು ಗಂಟೆ, ಅದು ತಾಳಬಹುದಾದದ್ದೇ. ಅಂಗಡಿಯವರಿಗೆ ಮಾತ್ರ ಸಂಜೆ 5 ಎಂದರೆ ಗಿರಾಕಿಗಳ ಹೊತ್ತು.

ದಿನಕ್ಕೊಂದು ಲೆಕ್ಕ

ಹಾಗಾದರೆ ಷಡ್ಡಕರು ಏನು ಮಾಡುವುದು? ಅವರು ಭಾರ ಎತ್ತುವುದು ಸೋಮವಾರ, ಬುಧವಾರ, ಶುಕ್ರವಾರ. ಉಳಿದ ಮೂರು ದಿನ ಒಂದು ಗಂಟೆಯ ನಡಿಗೆ. ಏಳೂ ದಿನ ಒಂದೇ ಅವಧಿ ಇರಬೇಕು ಎಂದು ಪಟ್ಟು ಹಿಡಿದಿದ್ದರಿಂದಲೇ ಈ ಗೋಜಲು. ಭಾರ ಎತ್ತುವ ದಿನ 8ರಿಂದ ಸಂಜೆ 6, ನಡೆಯುವ ದಿನ ಮಧ್ಯಾಹ್ನ 12ರಿಂದ ರಾತ್ರಿ 8 ಎಂದು ಮಾಡಿದರೆ ಲೆಕ್ಕ ಹೇಗೆ ಬೀಳುತ್ತದೆ ನೋಡಿ.

ಭಾನುವಾರ ರಾತ್ರಿ 8ಕ್ಕೆ ಕಡೆಯ ತುತ್ತು. ಸೋಮವಾರ 5.30ಕ್ಕೆ ಜಿಮ್, ಆಗ ಖಾಲಿ ಒಂಬತ್ತೂವರೆ ಗಂಟೆ. 6.45ಕ್ಕೆ ಮುಗಿದು 8ಕ್ಕೆ ರೊಟ್ಟಿ, ನಂತರದ ಖಾಲಿ ಒಂದೂಕಾಲು ಗಂಟೆ. ಒಟ್ಟು ಉಪವಾಸ 12 ಗಂಟೆ ಮಾತ್ರ. ಸೋಮವಾರ ಸಂಜೆ 6ಕ್ಕೆ ಊಟ ಮುಗಿಸಿದರೆ ಮಂಗಳವಾರ ಮಧ್ಯಾಹ್ನ 12ರವರೆಗೆ 18 ಗಂಟೆ. ಈ ದೀರ್ಘ ಉಪವಾಸದ ನಡುವೆ ಬರುವುದು ಬರೀ ನಡಿಗೆ, ಅದಕ್ಕೆ ಮುಂಚಿನ ಖಾಲಿಯೂ ಬಾಧಿಸುವುದಿಲ್ಲ, ನಂತರದ ಖಾಲಿಯೂ ಬಾಧಿಸುವುದಿಲ್ಲ. ಮಂಗಳವಾರ ರಾತ್ರಿ ಮತ್ತೆ 8ಕ್ಕೆ ಊಟ, ಬುಧವಾರ ಮತ್ತೆ 12 ಗಂಟೆ. ಹೀಗೆ ವಾರಕ್ಕೆ ಮೂರು ಸಲ 12, ಮೂರು ಸಲ 18, ಶನಿವಾರ ರಾತ್ರಿಯಿಂದ ಭಾನುವಾರಕ್ಕೆ ಒಂದು 16. ಸರಾಸರಿ ತೆಗೆದರೆ 15 ಗಂಟೆ ಚಿಲ್ಲರೆ. ಉಪವಾಸ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಗಿಡ್ಡ ತುಂಡು ಭಾರದ ದಿನಕ್ಕೆ, ಉದ್ದನೆಯ ತುಂಡು ಹಗುರ ದಿನಕ್ಕೆ ಬಿತ್ತು. ವಾರದಲ್ಲಿ ನಾಲ್ಕು ರಾತ್ರಿ ಮನೆಯವರೊಡನೆ ಊಟವೂ ಆಯಿತು. ಉಳಿದ ಮೂರು ಸಂಜೆ ಅಂಗಡಿಗೆ ಬುತ್ತಿ ಹೋಗುತ್ತದೆ. ಗಿರಾಕಿ ಇದ್ದರೆ ಆರು ಎಂಬುದು ಆರೂಕಾಲು ಆಗುತ್ತದೆ, ಆಗಲಿ.

ಇದರಲ್ಲೂ ಒಂದು ಕುಂದಿದೆ. ಹಸಿವೆ ರೂಢಿಯ ಹೊತ್ತಿಗೆ ಸರಿಯಾಗಿ ಬಾಗಿಲು ತಟ್ಟುತ್ತದೆ. ಒಂದು ದಿನ 8ಕ್ಕೆ, ಇನ್ನೊಂದು ದಿನ 12ಕ್ಕೆ ಎಂದರೆ ಅದಕ್ಕೆ ಗೊಂದಲ. ಮೊದಲ ಎರಡು ವಾರ ನಡಿಗೆಯ ದಿನಗಳಲ್ಲಿ ಬೆಳಿಗ್ಗೆ 9ಕ್ಕೆ ಅವರಿಗೆ ಹಸಿವೆ ಜೋರಾಗಿಯೇ ಬರುತ್ತಿತ್ತು. ಒಂದೇ ಹೊತ್ತಿನ ಶಿಸ್ತು ಇಲ್ಲದಿದ್ದರೆ ಕೈ ಜಾರುವ ಸ್ವಭಾವದವರಿಗೆ ನಾನು ಇದನ್ನು ಹೇಳುವುದಿಲ್ಲ. ಅವರು 9ರಿಂದ 5 ಅಥವಾ 8ರಿಂದ 6ನ್ನೇ ಏಳೂ ದಿನ ಹಿಡಿಯಲಿ. 14 ಗಂಟೆಯ ಉಪವಾಸವೂ ಉಪವಾಸವೇ.

ಒಂದೂವರೆ ಗಂಟೆ ಮೀರುವ ಸೈಕಲ್ ಸವಾರಿ, ದೂರದ ಓಟ ಇವುಗಳ ದಿನ ಹೋಲಿಕೆಯೇ ಬೇಡ. ಹೊರಡುವ ಅರ್ಧ ಗಂಟೆ ಮುಂಚೆ ಒಂದೆರಡು ಬಾಳೆಹಣ್ಣು, ಜೇಬಿನಲ್ಲಿ ಬೆಲ್ಲ ಇಲ್ಲವೇ ಖರ್ಜೂರ. ಆ ದಿನ ಉಪವಾಸ ಬಿಡಿ.

ತಪ್ಪು ಹಾದಿಯ ಗುರುತು

ಆರಿಸಿಕೊಂಡ ಅವಧಿ ಸರಿಯೇ ಎಂಬುದನ್ನು ಮೂರು ವಾರ ಬರೆದಿಟ್ಟರೆ ತಿಳಿಯುತ್ತದೆ. ಭಾರ ಎತ್ತುವವರು ಬಾರ್‌ನ ತೂಕ ಬರೆಯಲಿ. ಒಂದು ದಿನ ಕಡಿಮೆಯಾದರೆ ನಿದ್ದೆಯ ದೋಷ ಇರಬಹುದು. ಸತತ ಎರಡು ವಾರ ಇಳಿಯುತ್ತಿದ್ದರೆ ಮೊದಲು ಪ್ರೊಟೀನ್ ಲೆಕ್ಕ ನೋಡಿ, ಆಮೇಲೆ ನಂತರದ ಖಾಲಿಯನ್ನು ಕಡಿಮೆ ಮಾಡಿ. ಓಡುವವರು ವಾರಕ್ಕೊಂದು ದಿನ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿ, ನಿಂತ ಕೂಡಲೆ ನಾಡಿ ಎಣಿಸಲಿ. ವೇಗ ಅಷ್ಟೇ ಇದ್ದು ನಾಡಿ ವಾರದಿಂದ ವಾರಕ್ಕೆ ಏರುತ್ತಿದ್ದರೆ ದೇಹ ಸುಧಾರಿಸಿಕೊಳ್ಳುತ್ತಿಲ್ಲ ಎಂದರ್ಥ.

ಬೆಳಿಗ್ಗೆ 11ರ ಹೊತ್ತಿಗೆ ತಲೆನೋವು ಬರುತ್ತದೆ ಎಂದು ದೂರುವವರು ಅದನ್ನು ಹಸಿವೆಯ ಲೆಕ್ಕಕ್ಕೆ ಬರೆಯುತ್ತಾರೆ. ನನ್ನ ಅನುಭವದಲ್ಲಿ ಅದು ಬಹಳ ಸಲ ನೀರು, ಉಪ್ಪಿನ ಕೊರತೆ. ನಾಷ್ಟಾ ಬಿಟ್ಟವರು ಅದರ ಜೊತೆಗಿನ ಉಪ್ಪನ್ನೂ ನೀರನ್ನೂ ಬಿಟ್ಟಿರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಊರಿನ ಬಿಸಿಲು 40 ಡಿಗ್ರಿ ಮುಟ್ಟುವಾಗ ಇದು ಇನ್ನೂ ಹೆಚ್ಚು. ವ್ಯಾಯಾಮಕ್ಕೆ ಮುಂಚೆ ಮತ್ತು ನಂತರ ಬೆವರು ಒರೆಸಿಕೊಂಡು ತೂಕ ನೋಡಿ. ಅರ್ಧ ಕಿಲೋ ಕಡಿಮೆಯಾಗಿದ್ದರೆ ಅರ್ಧ ಲೀಟರ್ ಬೆವರು ಹೋಗಿದೆ, ಅದಕ್ಕಿಂತ ತುಸು ಹೆಚ್ಚೇ ನೀರು ಕುಡಿಯಿರಿ. ಬೆವರು ಧಾರಾಳ ಹರಿದ ದಿನ ಒಂದು ಲೋಟಕ್ಕೆ ಕಾಲು ಚಮಚ ಉಪ್ಪು, ಅರ್ಧ ನಿಂಬೆ ಹಿಂಡಿ ಕುಡಿದರೆ ಉಪವಾಸಕ್ಕೆ ಹೇಳಿಕೊಳ್ಳುವಂಥ ಭಂಗವಿಲ್ಲ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಉಪ್ಪಿನ ಈ ಮಾತನ್ನು ವೈದ್ಯರನ್ನು ಕೇಳಿಯೇ ಪಾಲಿಸಬೇಕು.

ಬೇವಿನ ಮರದ ಕೆಳಗೆ ಷಡ್ಡಕರಿಗೆ ಆದದ್ದನ್ನು ಸಹಿಸಿಕೊಂಡು ಮುಂದುವರಿಯಬಾರದು. ಕೈ ನಡುಕ, ತಣ್ಣನೆಯ ಬೆವರು, ಕಣ್ಣು ಮಂಜಾಗುವುದು, ಮಾತು ತೊದಲುವುದು ಸಕ್ಕರೆ ಇಳಿದ ಲಕ್ಷಣ. ಅಲ್ಲೇ ನಿಂತು ಮೂರು ಚಮಚ ಸಕ್ಕರೆ ಅಥವಾ ಅಷ್ಟೇ ಬೆಲ್ಲ ತಿಂದು ಕಾಲು ಗಂಟೆ ಕೂರಬೇಕು. ಮತ್ತೆ ಮತ್ತೆ ಹಾಗಾದರೆ ಅವಧಿ ಬದಲಿಸುವುದಲ್ಲ, ವೈದ್ಯರ ಬಳಿ ಹೋಗುವುದು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್ ತರಹದ ಮಾತ್ರೆ ನುಂಗುವವರು ಔಷಧದ ಪ್ರಮಾಣವನ್ನು ವೈದ್ಯರು ಮತ್ತೆ ಹೊಂದಿಸಿಕೊಡುವವರೆಗೆ ಖಾಲಿ ಹೊಟ್ಟೆಯ ವ್ಯಾಯಾಮಕ್ಕೆ ಕೈ ಹಾಕಲೇಬಾರದು. ಗರ್ಭಿಣಿಯರು, ಮೊಲೆಯುಣಿಸುವ ತಾಯಂದಿರು, ಬೆಳೆಯುವ ಮಕ್ಕಳು ಈ ಲೆಕ್ಕದ ಹೊರಗಿನವರು. ನನ್ನ ಶಾಲೆಯ ಕಬಡ್ಡಿ ಹುಡುಗರು ಮೊಬೈಲ್ ನೋಡಿ 'ಸರ್, ನಾವೂ ಮಾಡಬಹುದೇ' ಎಂದು ಕೇಳಿದಾಗ ಬಿಸಿಯೂಟದ ಸಾಲು ತೋರಿಸಿ ಕಳುಹಿಸುತ್ತೇನೆ.

ಷಡ್ಡಕರ ನೋಟ್‌ಬುಕ್ಕನ್ನು ಮೊನ್ನೆ ಮತ್ತೆ ನೋಡಿದೆ. ಹೊಸ ಕ್ರಮಕ್ಕೆ ಒಂಬತ್ತು ವಾರ ತುಂಬಿದೆ. ತೂಕ 75, ಮೊದಲಿನ ವೇಗದಲ್ಲಿ ಇಳಿಯುತ್ತಿಲ್ಲ ಎಂದು ಅವರಿಗೆ ಸ್ವಲ್ಪ ಬೇಸರ. ಪ್ರೊಟೀನ್ ಭಾರದ ದಿನ 90ರ ಹತ್ತಿರ, ನಡಿಗೆಯ ದಿನ ಇನ್ನೂ 70. ಬಲಗಡೆಯ ಪುಟದಲ್ಲಿ ಕಡೆಯ ಸಾಲು: ಶುಕ್ರವಾರ, ಬೈಠಕ್ 57.5 ಕಿಲೋ, 8 ಸಲ. ಎಡಗಡೆ: 7.55, ರೊಟ್ಟಿ ಎರಡು, ಕಾಳು, ಮೊಸರು. ಅದರ ಪಕ್ಕದಲ್ಲಿ ಬೇರೆ ಕೈಬರಹದಲ್ಲಿ, ನನ್ನ ನಾದಿನಿಯದೇ ಇರಬೇಕು, 'ಮೂರು' ಎಂದು ತಿದ್ದಿತ್ತು.